ಎಟಿಎಂ ಹಣ ಕೊಡಲಿಲ್ಲ, ಖಾತೆಯಿಂದ ಕಳೆಯಿತು: ಬ್ಯಾಂಕಿನ ಪೋರ್ಟಲ್‌ನಲ್ಲಿ ದೂರು ಬರೆಯುವುದು ಹೇಗೆ

ಜೂನ್ 14, 2025. ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ಮರುದಿನ ಭಾನುವಾರ ಗೋಣಿಕೊಪ್ಪಲು ಸಂತೆ. ಅಷ್ಟರೊಳಗೆ ತೋಟದ ಕೆಲಸದವರಿಗೆ ಬಟವಾಡೆ ಆಗಬೇಕು. ನಮ್ಮ ಪಕ್ಕದ ತೋಟದ ಅಕ್ಕ ಸಂಜೆ ಪೇಟೆಗೆ ಹೋಗಿ ಒಂದು ಎಟಿಎಂನಲ್ಲಿ ₹10,000 ಒತ್ತಿದರು. ಕರೆಂಟು ಒಮ್ಮೆ ಹೋಗಿ ಬಂತು. ಹಣ ಬರಲಿಲ್ಲ, ಚೀಟಿಯೂ ಬರಲಿಲ್ಲ. ಬೇರೆ ದಾರಿಯಿಲ್ಲದೆ ಅದೇ ರಸ್ತೆಯ ಇನ್ನೊಂದು ಎಟಿಎಂಗೆ ಹೋಗಿ ಮತ್ತೆ ₹10,000 ತೆಗೆದರು. ಅಲ್ಲಿ ಬಂತು. ಆದರೆ ಖಾತೆಯಿಂದ ಹೋಗಿದ್ದು ಇಪ್ಪತ್ತು ಸಾವಿರ.

ಸೋಮವಾರ ಅವರು ಬ್ಯಾಂಕಿನ ಆನ್‌ಲೈನ್ ಪೋರ್ಟಲ್‌ನಲ್ಲಿ ದೂರು ಹಾಕಿದರು. ಬರೆದದ್ದು ಹೀಗಿತ್ತು:

> ನಾನು ಇಪ್ಪತ್ತು ವರ್ಷದಿಂದ ನಿಮ್ಮ ಬ್ಯಾಂಕಿನ ಗ್ರಾಹಕಿ. ಶನಿವಾರ ಗೋಣಿಕೊಪ್ಪಲಿನಲ್ಲಿ ಎಟಿಎಂಗೆ ಹೋದಾಗ ಹಣ ಬರಲಿಲ್ಲ. ಆದರೆ ಅಕೌಂಟ್‌ನಿಂದ ಹತ್ತು ಸಾವಿರ ಹೋಗಿದೆ. ಕೆಲಸದವರಿಗೆ ಬಟವಾಡೆ ಮಾಡಲು ಎಷ್ಟು ಕಷ್ಟವಾಯಿತು ಎಂದು ನಿಮಗೆ ಗೊತ್ತಾ? ಇದು ಬಹಳ ಅನ್ಯಾಯ. ಕೂಡಲೇ ಕ್ರಮ ತೆಗೆದುಕೊಳ್ಳಿ.

ಇದರಲ್ಲಿ ಸುಳ್ಳು ಒಂದೂ ಇಲ್ಲ. ಆದರೂ ಜೂನ್ 21ಕ್ಕೆ ಉತ್ತರ ಬಂತು: ‘ನಮ್ಮ ದಾಖಲೆ ಪ್ರಕಾರ ವ್ಯವಹಾರ ಯಶಸ್ವಿಯಾಗಿದೆ, ಹಣ ನೀಡಲಾಗಿದೆ.’ ದೂರು ಮುಚ್ಚಿತು.

ಬ್ಯಾಂಕಿನವರೂ ಬೇಕೆಂದು ಸುಳ್ಳು ಹೇಳಿರಲಿಲ್ಲ. ಅಕ್ಕ ಎರಡನೇ ಸಲ ಹಣ ತೆಗೆದ ಎಟಿಎಂ ಅವರದೇ ಬ್ಯಾಂಕಿನದು. ದೂರು ನೋಡಿದವರಿಗೆ ಶನಿವಾರ, ಗೋಣಿಕೊಪ್ಪಲು, ಹತ್ತು ಸಾವಿರ ಎಂಬ ಮೂರು ಸುಳಿವು ಮಾತ್ರ ಇತ್ತು. ಹುಡುಕಿದಾಗ ಮೊದಲು ಸಿಕ್ಕಿದ್ದು ಎರಡನೇ ವ್ಯವಹಾರ. ಅದು ನಿಜಕ್ಕೂ ಯಶಸ್ವಿಯಾಗಿತ್ತು!

ಈ ದೂರನ್ನು ಮತ್ತೆ ಹೇಗೆ ಬರೆದೆವು ಎಂಬುದನ್ನೇ ಇಟ್ಟುಕೊಂಡು ಒಂದೊಂದೇ ಹೆಜ್ಜೆ ನೋಡೋಣ. ಇಲ್ಲಿರುವ ಕಾರ್ಡ್, ಎಟಿಎಂ ಮತ್ತು ರೆಫರೆನ್ಸ್ ನಂಬರುಗಳನ್ನು ಬದಲಾಯಿಸಿದ್ದೇನೆ.

## ದೂರು ಓದುವವರು ಏನು ಹುಡುಕುತ್ತಾರೆ

ನೀವು ಪೋರ್ಟಲ್‌ನಲ್ಲಿ ಬರೆದದ್ದನ್ನು ಸಾಮಾನ್ಯವಾಗಿ ನಿಮ್ಮ ಶಾಖೆಯವರು ಮಾತ್ರ ನೋಡುವುದಿಲ್ಲ. ಎಟಿಎಂ ದೂರುಗಳನ್ನು ನೋಡಲು ಪ್ರತ್ಯೇಕ ವಿಭಾಗ ಇರುತ್ತದೆ. ಅಲ್ಲಿ ಕೂತವರಿಗೆ ಗೋಣಿಕೊಪ್ಪಲು ಎಲ್ಲಿದೆ ಎಂದೂ ಗೊತ್ತಿರಬೇಕಿಲ್ಲ. ಸಾವಿರಾರು ಸಾಲುಗಳ ದಾಖಲೆಯಲ್ಲಿ ನಿಮ್ಮ ಒಂದು ಸಾಲನ್ನು ಹುಡುಕಿ ತೆಗೆಯುವುದು ಅವರ ಮೊದಲ ಕೆಲಸ.

ಸಾಲು ಸಿಕ್ಕಿದ ಮೇಲೆ ಎರಡು ವಿಷಯ ನೋಡುತ್ತಾರೆ. ಒಂದು, ಮಷೀನಿನ ಒಳಗಿನ ದಾಖಲೆ. ಬ್ಯಾಂಕಿನವರು ಇದನ್ನು ಇಜೆ ಲಾಗ್ ಅಥವಾ ಜೆಪಿ ಲಾಗ್ ಎನ್ನುತ್ತಾರೆ. ಕಾರ್ಡ್ ಯಾವಾಗ ಒಳಗೆ ಹೋಯಿತು, ನೋಟು ಎಣಿಕೆ ಆಯಿತಾ, ಹೊರಗೆ ಬಂತಾ, ಎಲ್ಲಿ ದೋಷ ಬಂತು ಎಂಬುದೆಲ್ಲ ಅದರಲ್ಲಿ ಬರೆದುಕೊಂಡಿರುತ್ತದೆ. ಎರಡನೆಯದು ಹಣದ ತಾಳೆ. ಮಷೀನಿಗೆ ಹಣ ತುಂಬುವಾಗ ಒಳಗೆ ಉಳಿದ ನೋಟು ಎಣಿಸುತ್ತಾರೆ. ಲೆಕ್ಕಕ್ಕಿಂತ ₹10,000 ಜಾಸ್ತಿ ಸಿಕ್ಕರೆ ಯಾರಿಗೋ ಹಣ ಹೋಗಿಲ್ಲ ಎಂದರ್ಥ.

ಮಷೀನು ಬೇರೆ ಬ್ಯಾಂಕಿನದಾದರೂ ದೂರು ಕೊಡಬೇಕಾದ್ದು ನಿಮಗೆ ಕಾರ್ಡ್ ಕೊಟ್ಟ ಬ್ಯಾಂಕಿಗೆ. ಅದೇ ಆ ಬ್ಯಾಂಕಿನ ಜೊತೆ ವ್ಯವಹರಿಸಿ ಹಣ ಕೇಳುತ್ತದೆ. ‘ಆ ಎಟಿಎಂ ನಮ್ಮದಲ್ಲ, ಅಲ್ಲೇ ಕೇಳಿ’ ಎಂದು ಯಾರಾದರೂ ಹೇಳಿದರೆ ಸುಮ್ನೆ ಬಸ್ಸು ಹತ್ತಿ ವಿರಾಜಪೇಟೆಗೋ ಮಡಿಕೇರಿಗೋ ಅಲೆಯಬೇಡಿ.

## ಮೊದಲು ಕೈಗೆ ಸೇರಿಸಿಕೊಳ್ಳಬೇಕಾದ್ದು

ಪೋರ್ಟಲ್ ತೆರೆಯುವ ಮೊದಲು ಖಾತೆಯ ವಿವರ ನೋಡಿ. ಹಣ ತಾನಾಗಿ ವಾಪಸ್ ಬಂದಿರುವ ಸಾಧ್ಯತೆ ಇದೆ. ಎಷ್ಟೋ ಸಲ ಕೆಲವು ನಿಮಿಷದಲ್ಲಿ, ಕೆಲವೊಮ್ಮೆ ಮರುದಿನ ಬರುತ್ತದೆ. ಒಂದು ದಿನ ಕಾದು ನೋಡುವುದು ಸರಿ, ಅದಕ್ಕಿಂತ ಜಾಸ್ತಿ ಕಾಯುವುದರಲ್ಲಿ ಲಾಭವಿಲ್ಲ. ಸಿಸಿಟಿವಿ ದೃಶ್ಯವನ್ನು ಬ್ಯಾಂಕು ಕಾಲವೆಲ್ಲ ಇಟ್ಟುಕೊಳ್ಳುವುದಿಲ್ಲ.

ಚೀಟಿ ಬಂದಿದ್ದರೆ ಕೂಡಲೇ ಅದರ ಫೋಟೊ ತೆಗೆಯಿರಿ. ಎಟಿಎಂ ಚೀಟಿಯ ಅಕ್ಷರ ಬೇಗ ಮಾಸುತ್ತದೆ. ನಮ್ಮ ಮಳೆಗಾಲದಲ್ಲಿ ಜೇಬಿನಲ್ಲೇ ಬಿಟ್ಟರೆ ಕೇಳುವುದೇ ಬೇಡ.

ಅಕ್ಕನಿಗೆ ಮೊದಲ ಮಷೀನಿನಿಂದ ಚೀಟಿ ಬಂದಿರಲಿಲ್ಲ. ಹಾಗಾಗಿ ಮೊಬೈಲ್ ಬ್ಯಾಂಕಿಂಗ್‌ನಲ್ಲಿ ಸ್ಟೇಟ್‌ಮೆಂಟ್ ತೆಗೆದೆವು. ಅದರಲ್ಲಿ ಈ ಎರಡು ಸಾಲು ಇದ್ದವು:

```
14-06-2025  ATM WDL 516517004382 GONIKOPPAL  10,000.00 Dr
14-06-2025  ATM WDL 516518007719 GONIKOPPAL  10,000.00 Dr
```

ಒಂದೇ ದಿನ, ಒಂದೇ ಊರು, ಒಂದೇ ಮೊತ್ತ. ಬೇರೆಯಾಗಿರುವುದು ಆ 12 ಅಂಕಿಯ ನಂಬರ್ ಮಾತ್ರ. ಬ್ಯಾಂಕಿನವರು ಅದನ್ನು ಆರ್‌ಆರ್‌ಎನ್ ಎನ್ನುತ್ತಾರೆ. ಬ್ಯಾಂಕಿನವರು ಮೊದಲ ಸಲ ಎಡವಿದ್ದು ಏಕೆ ಎಂದು ಇಲ್ಲೇ ಗೊತ್ತಾಗುತ್ತದೆ, ಅಲ್ವಾ?

ನಿಮ್ಮ ಬ್ಯಾಂಕಿನ ಸ್ಟೇಟ್‌ಮೆಂಟ್ ಹೀಗೇ ಇರುತ್ತದೆ ಎಂದಲ್ಲ. ಕೆಲವು ಆ್ಯಪ್‌ಗಳಲ್ಲಿ ಸಾಲಿನ ಮೇಲೆ ಒತ್ತಿದರೆ ಮಾತ್ರ ಪೂರ್ತಿ ನಂಬರ್ ಕಾಣುತ್ತದೆ. ಪಾಸ್‌ಬುಕ್ಕಿನಲ್ಲಿ ಜಾಗ ಸಾಲದೆ ಅರ್ಧಕ್ಕೆ ಕತ್ತರಿಸಿರುವುದೂ ಉಂಟು. ಎಲ್ಲೂ ಸಿಗದಿದ್ದರೆ ಶಾಖೆಯ ಕೌಂಟರಿನಲ್ಲಿ ‘ಈ ಸಾಲಿನ ಆರ್‌ಆರ್‌ಎನ್ ಕೊಡಿ’ ಎಂದು ಕೇಳಿ ಬರೆದುಕೊಳ್ಳಿ.

## ಯಾವ ವಿಭಾಗದಡಿ ದೂರು ಹಾಕುವುದು

ಪೋರ್ಟಲ್ ಮೊದಲು ದೂರಿನ ವಿಭಾಗ ಕೇಳುತ್ತದೆ. ಪಟ್ಟಿ ಉದ್ದ ಇರುತ್ತದೆ ಎಂದು ‘ಇತರೆ’ ಎಂಬುದನ್ನು ಒತ್ತಿಬಿಡಬೇಡಿ. ಅಲ್ಲಿಗೆ ಹೋದ ದೂರನ್ನು ಯಾರೋ ಓದಿ, ಸರಿಯಾದ ವಿಭಾಗಕ್ಕೆ ಕಳಿಸುವಷ್ಟರಲ್ಲಿ ದಿನಗಳು ಹೋಗುತ್ತವೆ. ಎಟಿಎಂ ಅಥವಾ ಡೆಬಿಟ್ ಕಾರ್ಡ್ ಎಂಬುದರ ಕೆಳಗೆ ‘ಖಾತೆಯಿಂದ ಕಳೆದಿದೆ, ನಗದು ಬಂದಿಲ್ಲ’ ಎಂಬ ಅರ್ಥದ ಸಾಲು ಇದ್ದೇ ಇರುತ್ತದೆ. ಹತ್ತಿರದಲ್ಲೇ ‘ಕಡಿಮೆ ನಗದು ಬಂದಿದೆ’ ಎಂಬುದು ಬೇರೆ ಇರಬಹುದು. ₹10,000 ಕೇಳಿ ₹6,000 ಬಂದರೆ ಅದನ್ನು ಆರಿಸಿ.

ಹಣ ತೆಗೆದದ್ದು ನೀವಲ್ಲ, ಬೇರೆ ಯಾರೋ ಎಂದಾದರೆ ಅದು ವಂಚನೆಯ ದೂರು. ಅದರ ದಾರಿಯೇ ಬೇರೆ. ಅಂಥದ್ದಕ್ಕೆ ಪೋರ್ಟಲ್ ತುಂಬುತ್ತಾ ಕೂರಬಾರದು, ಮೊದಲು ಕಾರ್ಡ್ ಬ್ಲಾಕ್ ಮಾಡಿಸಬೇಕು.

## ದಿನಾಂಕ

ದಿನಾಂಕ ಬರೆಯಲು ಮಾರ್ಗದರ್ಶನ ಬೇಕಾ ಎನಿಸಬಹುದು. ಆದರೆ ಇಲ್ಲಿ ಮೂರು ದಿನಾಂಕ ಗೊಂದಲ ಮಾಡುತ್ತವೆ: ನೀವು ಎಟಿಎಂ ಮುಂದೆ ನಿಂತ ದಿನ, ಎಸ್‌ಎಂಎಸ್ ಬಂದ ದಿನ, ಸ್ಟೇಟ್‌ಮೆಂಟ್‌ನಲ್ಲಿ ನಮೂದಾದ ದಿನ.

ಕೊಡಗಿನಲ್ಲಿ ಮಳೆ ಹಿಡಿದರೆ ಟವರ್ ಕೈಕೊಡುವುದು ಮಾಮೂಲು. ಅಕ್ಕನಿಗೆ ಶನಿವಾರ ಸಂಜೆಯ ಎಸ್‌ಎಂಎಸ್ ತಲುಪಿದ್ದು ಭಾನುವಾರ ಬೆಳಿಗ್ಗೆ. ಎಸ್‌ಎಂಎಸ್ ನೋಡಿಕೊಂಡು ‘15-06-2025’ ಎಂದು ತುಂಬಿದ್ದರೆ ಆ ದಿನ ಆ ಮಷೀನಿನಲ್ಲಿ ಅವರ ಕಾರ್ಡಿನ ಸಾಲೇ ಸಿಗುತ್ತಿರಲಿಲ್ಲ. ರಜೆಯ ದಿನ ನಡೆದ ವ್ಯವಹಾರ ಸ್ಟೇಟ್‌ಮೆಂಟ್‌ನಲ್ಲಿ ಮುಂದಿನ ಕೆಲಸದ ದಿನಕ್ಕೆ ನಮೂದಾಗುವುದೂ ಇದೆ.

ದಿನಾಂಕದ ಜಾಗದಲ್ಲಿ ಎಟಿಎಂ ಮುಂದೆ ನಿಂತ ದಿನ ಹಾಕಿ. ಸ್ಟೇಟ್‌ಮೆಂಟ್ ಬೇರೆ ದಿನ ತೋರಿಸಿದರೆ ಅದನ್ನು ವಿವರಣೆಯಲ್ಲಿ ಒಂದು ಸಾಲಿನಲ್ಲಿ ಹೇಳಿ. ‘ಕಳೆದ ಶನಿವಾರ’, ‘ಮೊನ್ನೆ’ ಎಂದು ಬರೆಯಲೇಬೇಡಿ. ದೂರು ತೆರೆಯುವವರಿಗೆ ಅದು ಯಾವ ಶನಿವಾರವೋ. ಸಮಯವೂ ಇರಲಿ. ನಿಮಿಷ ನೆನಪಿಲ್ಲದಿದ್ದರೆ ‘ಸಂಜೆ 5.30ರಿಂದ 6ರ ನಡುವೆ’ ಎಂದರೆ ಸಾಕು. ತಪ್ಪು ನಿಮಿಷ ಬರೆಯುವುದಕ್ಕಿಂತ ಅದು ಮೇಲು.

## ಮೊತ್ತ

ಮೊತ್ತವನ್ನು ಮೂರು ತುಂಡು ಮಾಡಿ ಬರೆಯಿರಿ: ಎಷ್ಟು ಕೇಳಿದಿರಿ, ಖಾತೆಯಿಂದ ಎಷ್ಟು ಹೋಯಿತು, ಕೈಗೆ ಎಷ್ಟು ಬಂತು. ನಿಮ್ಮ ದೂರು ಎಷ್ಟು ಹಣದ್ದು ಎಂದು ಇದರಿಂದ ಸ್ಪಷ್ಟವಾಗುತ್ತದೆ. ಕೇಳಿದ್ದು ₹10,000, ಕಳೆದದ್ದು ₹10,000, ಬಂದದ್ದು ₹0.

ಅಕ್ಕನ ವಿಷಯದಲ್ಲಿ ಇನ್ನೊಂದು ಮಾತು ಬೇಕಿತ್ತು. ಅದೇ ದಿನ ಇನ್ನೊಂದು ₹10,000 ತೆಗೆದಿದ್ದೇನೆ, ಅದು ಸರಿಯಾಗಿ ಬಂದಿದೆ, ಅದರ ಬಗ್ಗೆ ತಕರಾರು ಇಲ್ಲ ಎಂದು ಅವರೇ ಹೇಳಬೇಕಿತ್ತು. ಹಾಗೆ ಹೇಳಿದರೆ ಕೇಸು ಸಡಿಲವಾಗುತ್ತದೇನೋ ಎಂದು ಅವರಿಗೆ ಅಳುಕು. ವಾಸ್ತವದಲ್ಲಿ ಉಲ್ಟಾ. ನೀವು ಹೇಳದಿದ್ದರೆ ಬ್ಯಾಂಕೇ ಅದನ್ನು ಹುಡುಕಿ ನಿಮ್ಮ ಮುಂದೆ ಇಡುತ್ತದೆ. ನೀವೇ ಹೇಳಿದರೆ ಆ ಸಾಲು ಲೆಕ್ಕದಿಂದ ಹೊರಗೆ ಹೋಗುತ್ತದೆ, ಉಳಿಯುವುದು ಒಂದೇ.

ಇದೇ ಕಾರಣದಿಂದ ಖಾತೆಯಲ್ಲಿ ಹಣ ಸಾಲದೆ ಸಾಲದ ಕಂತು ತಪ್ಪಿ ದಂಡ ಬಿದ್ದಿದ್ದರೆ ಆ ದಂಡದ ಮೊತ್ತವನ್ನೂ ದಿನಾಂಕವನ್ನೂ ಬೇರೆ ಸಾಲಿನಲ್ಲಿ ಕೇಳಿ. ಹತ್ತು ಸಾವಿರದ ಜೊತೆ ಕೂಡಿಸಿ ₹10,590 ಎಂದು ಬರೆದರೆ ಯಾವ ದಾಖಲೆಗೂ ಅದು ಹೊಂದುವುದಿಲ್ಲ.

## ರೆಫರೆನ್ಸ್

ಇಡೀ ದೂರಿನಲ್ಲಿ ಜಾಸ್ತಿ ಕೆಲಸ ಮಾಡುವುದು ಇದೇ. ಎಟಿಎಂ ಚೀಟಿಯಲ್ಲಿ RRN ಎಂದೋ, TXN ಅಥವಾ REF ಎಂಬ ಮಾತಿನ ಪಕ್ಕದಲ್ಲೋ ಒಂದು ನಂಬರ್ ಇರುತ್ತದೆ. RRN ಸಾಮಾನ್ಯವಾಗಿ 12 ಅಂಕಿ. ನಿಮ್ಮ ಬ್ಯಾಂಕು, ಮಷೀನಿನ ಬ್ಯಾಂಕು, ನಡುವಿನ ಜಾಲ ಮೂರೂ ಆ ವ್ಯವಹಾರವನ್ನು ಹುಡುಕುವುದು ಈ ನಂಬರಿನಿಂದ. ಚೀಟಿಯಲ್ಲಿ ನಾಲ್ಕಾರು ಅಂಕಿಯ ಚಿಕ್ಕ ನಂಬರ್ ಮಾತ್ರ ಇದ್ದರೆ ಅದು ಆ ಮಷೀನಿನ ಸರಣಿ ಸಂಖ್ಯೆ ಇರಬಹುದು. ಅದನ್ನೂ ಬರೆಯಿರಿ, ಆದರೆ ಅದಷ್ಟೇ ಸಾಲದು.

ನಂತರ ಎಟಿಎಂ ಐಡಿ. ಚೀಟಿಯಲ್ಲಿ ಇರುತ್ತದೆ. ಚೀಟಿ ಇಲ್ಲದಿದ್ದರೆ ಮಷೀನಿನ ಮೇಲೆ ಅಥವಾ ಆ ಕೋಣೆಯ ಗೋಡೆಯ ಮೇಲೆ ಅಂಟಿಸಿರುವುದನ್ನು ನೋಡಿ. ಅಕ್ಕ ಮುಂದಿನ ಸಲ ಪೇಟೆಗೆ ಹೋದಾಗ ಅದರ ಫೋಟೊ ತೆಗೆದುಕೊಂಡು ಬಂದರು. ‘ಬಸ್ ನಿಲ್ದಾಣದ ಹತ್ತಿರದ ಎಟಿಎಂ’ ಎಂಬುದು ನಮಗೆ ಸಾಕು. ದೂರದ ಊರಿನ ಕಚೇರಿಯಲ್ಲಿ ಕೂತವರಿಗೆ ಐಡಿಯೇ ಬೇಕು.

ಕಾರ್ಡಿನ ಕೊನೆಯ ನಾಲ್ಕು ಅಂಕಿ ಸಾಕು. ಪೂರ್ತಿ ಕಾರ್ಡ್ ನಂಬರ್, ಪಿನ್, ಸಿವಿವಿ ಯಾವುದನ್ನೂ ವಿವರಣೆಯಲ್ಲಿ ಹಾಕಬೇಡಿ. ಪೋರ್ಟಲ್ ನಿಮ್ಮ ಮೊಬೈಲ್ ಖಚಿತಪಡಿಸಲು ಒಂದು ಒಟಿಪಿ ಕಳಿಸಬಹುದು, ಅದು ಆ ಪುಟದಲ್ಲಿ ಒತ್ತಲು ಮಾತ್ರ. ದೂರು ಹಾಕಿದ ಮೇಲೆ ಯಾರೋ ಫೋನ್ ಮಾಡಿ ‘ನಿಮ್ಮ ಹಣ ವಾಪಸ್ ಹಾಕುತ್ತೇವೆ, ಒಟಿಪಿ ಹೇಳಿ’ ಎಂದರೆ ಫೋನ್ ಇಟ್ಟುಬಿಡಿ. ಹಣ ಹಾಕಲು ಬ್ಯಾಂಕಿಗೆ ನಿಮ್ಮ ಒಟಿಪಿ ಬೇಡ. ಪೋರ್ಟಲ್‌ಗೆ ಹೋಗುವಾಗಲೂ ಗೂಗಲ್‌ನಲ್ಲಿ ಸಿಕ್ಕ ಕಸ್ಟಮರ್ ಕೇರ್ ನಂಬರನ್ನು ನಂಬದೆ ಪಾಸ್‌ಬುಕ್ಕಿನಲ್ಲೋ ಕಾರ್ಡಿನ ಹಿಂದೆಯೋ ಅಚ್ಚಾದ ವಿಳಾಸದಿಂದಲೇ ಹೋಗಿ.

## ನಡೆದದ್ದನ್ನು ಬರೆಯುವುದು

ನಡೆದ ಕ್ರಮದಲ್ಲೇ, ಕಂಡದ್ದನ್ನು ಮಾತ್ರ ಬರೆಯಬೇಕು. ನೋಟು ಎಣಿಸುವ ಸದ್ದು ಕೇಳಿತಾ? ಹಣ ಬರುವ ಬಾಗಿಲು ತೆರೆಯಿತಾ? ಪರದೆಯ ಮೇಲೆ ಏನು ಬಂತು? ಕಾರ್ಡ್ ವಾಪಸ್ ಬಂತಾ? ಎಷ್ಟು ಹೊತ್ತು ಕಾದಿರಿ? ಈ ಪ್ರಶ್ನೆಗಳಿಗೆ ಸುಮ್ನೆ ಉತ್ತರ ಬರೆದರೆ ಅದೇ ಒಳ್ಳೆಯ ವಿವರಣೆ. ಮಷೀನಿನ ದಾಖಲೆಯಲ್ಲೂ ಇದೇ ಕ್ರಮದಲ್ಲಿ ಬರೆದಿರುತ್ತದೆ, ಹಾಗಾಗಿ ಎರಡನ್ನೂ ಪಕ್ಕದಲ್ಲಿಟ್ಟು ನೋಡಲು ಸುಲಭ.

ಕಾದ ಹೊತ್ತನ್ನು ಬರೆಯುವುದಕ್ಕೆ ಕಾರಣವಿದೆ. ಹಣ ತಡವಾಗಿ ಹೊರಗೆ ಬಂದು, ನೀವು ಹೋದ ಮೇಲೆ ಬೇರೆಯವರು ತೆಗೆದುಕೊಂಡಿರಬಹುದಾ ಎಂಬ ಪ್ರಶ್ನೆ ಬ್ಯಾಂಕಿಗೆ ಬರುತ್ತದೆ. ‘ಸುಮಾರು ಐದು ನಿಮಿಷ ಅಲ್ಲೇ ಇದ್ದೆ, ಬಾಗಿಲು ತೆರೆಯಲಿಲ್ಲ’ ಎಂಬ ಮಾತನ್ನು ಸಿಸಿಟಿವಿಯಲ್ಲಿ ನೋಡಿ ಖಚಿತ ಮಾಡಿಕೊಳ್ಳಬಹುದು.

ಊಹೆ ಬರೆಯಬೇಡಿ. ‘ನಿಮ್ಮ ಸರ್ವರ್ ಡೌನ್ ಇತ್ತು’, ‘ಮಷೀನ್ ಕೆಟ್ಟಿತ್ತು’ ಎಂದು ನಾವು ಹೇಗೆ ಹೇಳುವುದು? ದಾಖಲೆಯಲ್ಲಿ ಸರ್ವರ್ ಸರಿಯಿತ್ತು ಎಂದು ಕಂಡರೆ ಉತ್ತರ ಬರೆಯುವವರು ಆ ಒಂದು ಮಾತನ್ನು ಹಿಡಿದುಕೊಂಡು ದೂರು ಮುಚ್ಚಬಹುದು. ಅಕ್ಕ ಕಂಡದ್ದು ಕರೆಂಟು ಹೋಗಿ ಬಂದದ್ದು. ಅಷ್ಟೇ ಬರೆದೆವು. ಇಪ್ಪತ್ತು ವರ್ಷದ ಗ್ರಾಹಕಿ ಎಂಬುದನ್ನೂ ಬಟವಾಡೆಯ ಕಷ್ಟವನ್ನೂ ತೆಗೆದೆವು. ಅವರಿಗೆ ಸ್ವಲ್ಪ ಬೇಸರವಾಯಿತು. ಕಷ್ಟ ಪಟ್ಟದ್ದು ನಿಜವೇ. ಆದರೆ ಪೆಟ್ಟಿಗೆಯಲ್ಲಿ ಜಾಗ ಕಡಿಮೆ, ಆ ಎರಡು ಸಾಲಿನ ಜಾಗದಲ್ಲಿ ಎಟಿಎಂ ಐಡಿಯೂ ಆರ್‌ಆರ್‌ಎನ್ನೂ ಹಿಡಿಯುತ್ತವೆ.

## ಏನು ಬೇಕು ಎಂದು ಕೇಳುವುದು

‘ಕೂಡಲೇ ಕ್ರಮ ತೆಗೆದುಕೊಳ್ಳಿ’ ಎಂದರೆ ಏನು ಮಾಡಬೇಕು? ಪರಿಶೀಲಿಸಿದ್ದೇವೆ ಎಂದರೆ ಅದೂ ಒಂದು ಕ್ರಮವೇ. ಬ್ಯಾಂಕು ಮಾಡಬಲ್ಲ ಕೆಲಸವನ್ನೇ ಹೆಸರಿಟ್ಟು ಕೇಳಬೇಕು.

ಮೊದಲನೆಯದು ಹಣ ವಾಪಸ್: ₹10,000 ಇಂಥ ಖಾತೆಗೆ.

ಎರಡನೆಯದು ತಡದ ಪರಿಹಾರ. ರಿಸರ್ವ್ ಬ್ಯಾಂಕ್ ಸೆಪ್ಟೆಂಬರ್ 20, 2019ರಂದು ಹೊರಡಿಸಿದ ಸುತ್ತೋಲೆ ಪ್ರಕಾರ, ಎಟಿಎಂನಲ್ಲಿ ಹಣ ಬಾರದೆ ಖಾತೆಯಿಂದ ಕಳೆದಿದ್ದರೆ ವ್ಯವಹಾರದ ದಿನದಿಂದ 5 ದಿನದೊಳಗೆ ವಾಪಸ್ ಹಾಕಬೇಕು. ಅದು ದಾಟಿದರೆ ತಡವಾದ ಪ್ರತಿ ದಿನಕ್ಕೆ ₹100 ಖಾತೆದಾರರಿಗೆ ಸೇರಬೇಕು. ಇದಕ್ಕೆ ಗ್ರಾಹಕರು ದೂರು ಕೊಡುವ ತನಕ ಕಾಯಬಾರದು ಎಂದೂ ಅದರಲ್ಲಿದೆ. ಕ್ಯಾಲೆಂಡರ್ ದಿನಗಳ ಲೆಕ್ಕ, ಭಾನುವಾರವೂ ಸೇರುತ್ತದೆ. ಜೂನ್ 14ಕ್ಕೆ 5 ಕೂಡಿಸಿದರೆ ಜೂನ್ 19. ಜೂನ್ 20ರಿಂದ ದಿನಕ್ಕೆ ₹100 ಏರುತ್ತಾ ಹೋಗುತ್ತದೆ.

ಈ ಗಡುವು ಎಲ್ಲ ವ್ಯವಹಾರಕ್ಕೂ ಒಂದೇ ಅಲ್ಲ. ಯುಪಿಐಯಲ್ಲಿ ಒಬ್ಬರು ಇನ್ನೊಬ್ಬರಿಗೆ ಕಳಿಸಿದ ಹಣ ತಲುಪದಿದ್ದರೆ ವ್ಯವಹಾರದ ಮರುದಿನದೊಳಗೆ ವಾಪಸ್ ಬರಬೇಕು. ಅಂಗಡಿಯವರಿಗೆ ಯುಪಿಐಯಲ್ಲಿ ಕೊಟ್ಟು ಅವರಿಗೆ ಖಾತ್ರಿ ಬರದಿದ್ದರೆ 5 ದಿನ. ದಿನದ ಪರಿಹಾರ ಅಲ್ಲೂ ₹100. ಎಟಿಎಂ ದೂರಿನಲ್ಲಿ ಯುಪಿಐ ಗಡುವು ಬರೆದರೆ ನಿಮ್ಮ ಲೆಕ್ಕವೇ ತಪ್ಪಾಗುತ್ತದೆ.

ಮೂರನೆಯದನ್ನು ಹೆಚ್ಚಿನವರು ಬರೆಯುವುದಿಲ್ಲ, ನನ್ನ ಮಟ್ಟಿಗೆ ಬಹಳ ಮುಖ್ಯ. ದೂರು ಒಪ್ಪದಿದ್ದರೆ ಯಾವ ಆರ್‌ಆರ್‌ಎನ್ ನೋಡಿ ತೀರ್ಮಾನಿಸಿದಿರಿ ಎಂದು ತಿಳಿಸಿ, ಆ ವ್ಯವಹಾರದ ಇಜೆ ಲಾಗ್ ಮತ್ತು ಆ ಮಷೀನಿನ ಹಣದ ತಾಳೆಯ ವಿವರ ಕೊಡಿ ಎಂದು ಮೊದಲೇ ಕೇಳಿಡುವುದು. ಆಗ ‘ಯಶಸ್ವಿಯಾಗಿದೆ’ ಎಂಬ ಒಂದು ಸಾಲಿನ ಉತ್ತರದಲ್ಲಿ ಕೈತೊಳೆಯಲು ಅಷ್ಟು ಸುಲಭವಲ್ಲ.

ಮಾನಸಿಕ ಹಿಂಸೆಗೆ ಐದು ಲಕ್ಷ, ಮ್ಯಾನೇಜರ್ ಮೇಲೆ ಕ್ರಮ ಎಂಬಂಥದ್ದನ್ನೆಲ್ಲ ಇಲ್ಲಿ ಸೇರಿಸಬೇಡಿ. ಎಟಿಎಂ ವಿಭಾಗದವರ ಕೈಯಲ್ಲಿ ಅದನ್ನು ಕೊಡುವ ಅಧಿಕಾರ ಇಲ್ಲ. ದೂರು ಬೇರೆ ಮೇಜಿಗೆ ಹೋಗಿ ಕೂರುತ್ತದೆ.

## ಪೂರ್ತಿ ದೂರು

ಜೂನ್ 23ರಂದು ಹೊಸದಾಗಿ ಹಾಕಿದ್ದು ಇದು:

> ವಿಷಯ: ಎಟಿಎಂನಲ್ಲಿ ನಗದು ಬಂದಿಲ್ಲ, ಖಾತೆಯಿಂದ ರೂ. 10000 ಕಳೆದಿದೆ. ದಿನಾಂಕ 14-06-2025, ಆರ್‌ಆರ್‌ಎನ್ 516517004382
>
> 14-06-2025ರ ಸಂಜೆ ಸುಮಾರು 5.40ಕ್ಕೆ ಗೋಣಿಕೊಪ್ಪಲಿನಲ್ಲಿ ಬೇರೆ ಬ್ಯಾಂಕಿನ ಎಟಿಎಂನಲ್ಲಿ (ಐಡಿ GK000427) ರೂ. 10000 ತೆಗೆಯಲು ನನ್ನ ಡೆಬಿಟ್ ಕಾರ್ಡ್ (ಕೊನೆಯ ಅಂಕಿ 3318) ಬಳಸಿದೆ. ಪಿನ್ ಒತ್ತಿದ ಮೇಲೆ ಕರೆಂಟು ಹೋಗಿ ಬಂತು. ಹಣ ಬರುವ ಬಾಗಿಲು ತೆರೆಯಲಿಲ್ಲ. ಚೀಟಿ ಬರಲಿಲ್ಲ. ಕಾರ್ಡ್ ವಾಪಸ್ ಬಂತು. ಸುಮಾರು ಐದು ನಿಮಿಷ ಅಲ್ಲೇ ಕಾದೆ.
>
> ಕೇಳಿದ್ದು ರೂ. 10000. ಖಾತೆಯಿಂದ ಕಳೆದದ್ದು ರೂ. 10000. ಕೈಗೆ ಬಂದದ್ದು ರೂ. 0.
>
> ಅದೇ ಸಂಜೆ 6ರ ನಂತರ ನಿಮ್ಮ ಬ್ಯಾಂಕಿನ ಎಟಿಎಂನಲ್ಲಿ ರೂ. 10000 ತೆಗೆದಿದ್ದೇನೆ (ಆರ್‌ಆರ್‌ಎನ್ 516518007719). ಅದು ಸರಿಯಾಗಿ ಬಂದಿದೆ. ಈ ದೂರು ಅದರ ಬಗ್ಗೆ ಅಲ್ಲ.
>
> 16-06-2025ರಂದು ಕೊಟ್ಟ ಹಿಂದಿನ ದೂರನ್ನು 21-06-2025ರಂದು ‘ಯಶಸ್ವಿ ವ್ಯವಹಾರ’ ಎಂದು ಮುಚ್ಚಲಾಗಿದೆ. ಮೇಲಿನ ಎರಡನೇ ವ್ಯವಹಾರವನ್ನು ನೋಡಿ ಉತ್ತರ ನೀಡಿರುವಂತಿದೆ.
>
> ನನ್ನ ಕೋರಿಕೆ: 1. ಆರ್‌ಆರ್‌ಎನ್ 516517004382ರ ರೂ. 10000 ನನ್ನ ಖಾತೆಗೆ ವಾಪಸ್ ಹಾಕಿ. 2. ರಿಸರ್ವ್ ಬ್ಯಾಂಕಿನ 20-09-2019ರ ಸುತ್ತೋಲೆಯಂತೆ 20-06-2025ರಿಂದ ಹಣ ಜಮಾ ಆಗುವ ದಿನದವರೆಗೆ ದಿನಕ್ಕೆ ರೂ. 100 ಪರಿಹಾರ ಕೊಡಿ. 3. ಒಪ್ಪದಿದ್ದರೆ ಈ ಆರ್‌ಆರ್‌ಎನ್‌ನ ಇಜೆ ಲಾಗ್ ಮತ್ತು ಆ ಎಟಿಎಂನ ಹಣದ ತಾಳೆಯ ವಿವರದೊಂದಿಗೆ ಲಿಖಿತ ಉತ್ತರ ಕೊಡಿ.

ಹಿಂದಿನ ದೂರಿನ ನಂಬರನ್ನು ಅದಕ್ಕೆಂದೇ ಇದ್ದ ಜಾಗದಲ್ಲಿ ತುಂಬಿದೆವು. ಹಾಗೆ ಬೇರೆ ಜಾಗ ಇಲ್ಲದಿದ್ದರೆ ವಿವರಣೆಯಲ್ಲೇ ಬರೆಯಿರಿ. ವಿಷಯದ ಸಾಲಿನಲ್ಲೇ ದಿನಾಂಕ, ಮೊತ್ತ, ಆರ್‌ಆರ್‌ಎನ್ ಮೂರೂ ಬಂದಿರುವುದನ್ನು ಗಮನಿಸಿ. ದೂರುಗಳ ಪಟ್ಟಿ ನೋಡುವವರಿಗೆ ಮೊದಲು ಕಾಣುವುದು ಆ ಸಾಲು ಮಾತ್ರ.

ಇದನ್ನು ಪೋರ್ಟಲ್‌ನಲ್ಲೇ ಕೂತು ಬರೆಯಬೇಡಿ. ಸ್ವಲ್ಪ ಹೊತ್ತು ಸುಮ್ಮನಿದ್ದರೆ ಪುಟದ ಸಮಯ ಮುಗಿದು ತುಂಬಿದ್ದೆಲ್ಲ ಹೋಗುತ್ತದೆ. ನಮ್ಮ ನೆಟ್‌ವರ್ಕಿನಲ್ಲಂತೂ ಇದು ದಿನದ ಕಥೆ. ಮೊಬೈಲಿನ ನೋಟ್ಸ್‌ನಲ್ಲಿ ಬರೆದು, ಓದಿ, ಆಮೇಲೆ ಅಂಟಿಸಿ. ಕೆಲವು ಪೋರ್ಟಲ್‌ಗಳು ₹, &, % ಇಂಥ ಚಿಹ್ನೆಗಳನ್ನು ಒಪ್ಪುವುದಿಲ್ಲ, ಯಾಕೆ ಎಂದು ಹೇಳದೆ ಪುಟ ಅಲ್ಲೇ ನಿಲ್ಲುತ್ತದೆ. ಅದಕ್ಕೇ ಮೇಲೆ ‘ರೂ.’ ಎಂದು ಬರೆದದ್ದು. ಆವರಣ ಚಿಹ್ನೆಗೂ ತಕರಾರು ಮಾಡಿದರೆ ಅದನ್ನೂ ತೆಗೆಯಿರಿ.

ಅಕ್ಷರಗಳಿಗೆ ಮಿತಿ ಇರುತ್ತದೆ. ಇದು ಪೂರ್ತಿ ಹಿಡಿಯದಿದ್ದರೆ ವಿಷಯದ ಸಾಲು, ಮೊತ್ತದ ಸಾಲು, ಎರಡನೇ ವ್ಯವಹಾರದ ಸಾಲು ಮತ್ತು ಕೋರಿಕೆಯನ್ನು ಪೆಟ್ಟಿಗೆಯಲ್ಲಿ ಇಡಿ. ಉಳಿದದ್ದನ್ನು ಪಿಡಿಎಫ್ ಮಾಡಿ ಲಗತ್ತಿಸಿ.

ಕನ್ನಡದಲ್ಲಿ ಬರೆಯಬಹುದಾ? ಪೋರ್ಟಲ್ ಕನ್ನಡ ಅಕ್ಷರ ತೆಗೆದುಕೊಂಡರೆ ಖಂಡಿತ ಬರೆಯಿರಿ. ಆದರೆ ಕಳಿಸುವ ಮೊದಲು ತೋರಿಸುವ ಪುಟದಲ್ಲಿ ಅಕ್ಷರಗಳ ಬದಲು ಬರೀ ಪ್ರಶ್ನಾರ್ಥಕ ಚಿಹ್ನೆ ಬಂದಿದೆಯೇ ನೋಡಿ. ಹಾಗಾದರೆ ಪೆಟ್ಟಿಗೆಯಲ್ಲಿ ನಾಲ್ಕು ಸಾಲು ಇಂಗ್ಲಿಷ್ ಹಾಕಿ, ಕನ್ನಡದ ಪತ್ರವನ್ನು ಲಗತ್ತಿಸಿ. ವಾಕ್ಯಗಳು ಇಷ್ಟು ಚಿಕ್ಕದಿದ್ದರೆ ಕಾಲೇಜಿಗೆ ಹೋಗುವ ಮಕ್ಕಳು ಯಾರಾದರೂ ಅದನ್ನು ಮಾಡಿಕೊಡುತ್ತಾರೆ.

ಲಗತ್ತಿಗೆ ಎರಡು ಮೂರು ಚಿತ್ರ ಸಾಕು: ಎರಡೂ ಸಾಲು ಕಾಣುವ ಸ್ಟೇಟ್‌ಮೆಂಟ್, ಎಸ್‌ಎಂಎಸ್, ಎಟಿಎಂ ಐಡಿಯ ಫೋಟೊ. ಎಸ್‌ಎಂಎಸ್ ಚಿತ್ರದಲ್ಲಿ ಪಕ್ಕದ ಒಟಿಪಿ ಸಂದೇಶಗಳು ಸೇರಿಕೊಂಡಿದ್ದರೆ ಕತ್ತರಿಸಿ. ಫೋಟೊ ದೊಡ್ಡದಾಗಿ ಪೋರ್ಟಲ್ ಒಪ್ಪದಿದ್ದರೆ ಅದರ ಸ್ಕ್ರೀನ್‌ಶಾಟ್ ತೆಗೆದು ಹಾಕಿ ನೋಡಿ, ಹೆಚ್ಚಾಗಿ ಗಾತ್ರ ಕಡಿಮೆಯಾಗುತ್ತದೆ.

## ಕಳಿಸಿದ ಮೇಲೆ

ದೂರಿನ ನಂಬರ್ ಬಂದ ಪುಟದ ಸ್ಕ್ರೀನ್‌ಶಾಟ್ ತೆಗೆಯಿರಿ, ದಿನಾಂಕ ಕಾಣುವಂತಿರಲಿ. ಇದು ವ್ಯವಹಾರದ ಆರ್‌ಆರ್‌ಎನ್ ಅಲ್ಲ, ಎರಡನ್ನೂ ಬೆರೆಸಬೇಡಿ. ಉತ್ತರ ಬರಲಿಲ್ಲ ಎಂದು ದಿನಕ್ಕೊಂದು ಹೊಸ ದೂರು ಹಾಕುವವರಿದ್ದಾರೆ. ಒಂದೇ ವಿಷಯಕ್ಕೆ ಹಲವು ನಂಬರ್ ಆದರೆ ‘ಹಿಂದೆಯೇ ದೂರು ಇದೆ’ ಎಂದು ಒಂದೊಂದನ್ನೇ ಮುಚ್ಚುತ್ತಾರೆ. ಹಳೆಯದನ್ನು ಮತ್ತೆ ತೆರೆಯುವ ಅವಕಾಶ ಪೋರ್ಟಲ್‌ನಲ್ಲಿದ್ದರೆ ಅದನ್ನೇ ಬಳಸಿ. ಅಕ್ಕನ ಬ್ಯಾಂಕಿನ ಪೋರ್ಟಲ್‌ನಲ್ಲಿ ಮುಚ್ಚಿದ ದೂರು ತೆರೆಯುತ್ತಿರಲಿಲ್ಲ, ಅದಕ್ಕೇ ಹೊಸದು ಹಾಕಬೇಕಾಯಿತು.

ಜುಲೈ 4ರಂದು ₹10,000 ಖಾತೆಗೆ ಬಂತು. ದೂರು ‘ಪರಿಹರಿಸಲಾಗಿದೆ’ ಎಂದು ತೋರಿಸಿತು. ಆದರೆ ತಡದ ಪರಿಹಾರ ಬಂದಿರಲಿಲ್ಲ. ಇಲ್ಲಿ ಎಷ್ಟೋ ಜನ ಹೋಗಲಿ ಎಂದು ಬಿಡುತ್ತಾರೆ. ಜೂನ್ 20ರಿಂದ 30ರವರೆಗೆ 11 ದಿನ, ಜುಲೈ 1ರಿಂದ 4ರವರೆಗೆ 4 ದಿನ, ಒಟ್ಟು 15 ದಿನ. ದಿನಕ್ಕೆ ₹100ರಂತೆ ₹1,500. ಈ ಸಲದ ದೂರು ಮೂರೇ ಸಾಲು: ಹಣ ಯಾವ ದಿನ ವಾಪಸ್ ಬಂತು, ತಡ ಎಷ್ಟು ದಿನ, ಕೋರಿಕೆಯ 2ನೇ ಅಂಶ ಇನ್ನೂ ಬಾಕಿ. ಲೆಕ್ಕವನ್ನು ಬಿಡಿಸಿ ಬರೆದದ್ದರಿಂದ ಬ್ಯಾಂಕಿನವರು ಮತ್ತೆ ಕೂಡಿಸಿ ಕಳೆಯುವ ಕೆಲಸ ಇರಲಿಲ್ಲ. ಮುಂದಿನ ವಾರ ಅದೂ ಜಮಾ ಆಯಿತು.

ಎಲ್ಲ ದೂರೂ ಹೀಗೇ ಮುಗಿಯುವುದಿಲ್ಲ. ಸರಿಯಾದ ಆರ್‌ಆರ್‌ಎನ್ ನೋಡಿಯೂ ‘ಯಶಸ್ವಿ’ ಎಂದರೆ ಸಿಸಿಟಿವಿ ನೋಡಿದಿರಾ, ಆ ದಿನದ ತಾಳೆಯಲ್ಲಿ ಹೆಚ್ಚುವರಿ ಹಣ ಇತ್ತಾ ಎಂದು ಆ ಎರಡೇ ಪ್ರಶ್ನೆ ಹಿಡಿದು ಮೇಲಿನ ಹಂತಕ್ಕೆ, ಅಂದರೆ ಬ್ಯಾಂಕಿನ ನೋಡಲ್ ಅಧಿಕಾರಿಗೆ ಕಳಿಸಿ. ಹೊಸ ಕಥೆ ಸೇರಿಸಬೇಡಿ. ಮೊದಲ ದೂರಿನಲ್ಲಿ ಐದು ನಿಮಿಷ, ಎರಡನೆಯದರಲ್ಲಿ ಅರ್ಧ ಗಂಟೆ ಎಂದಾದರೆ ನಂಬುವವರು ಯಾರು?

ದೂರು ಕೊಟ್ಟು 30 ದಿನವಾದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ cms.rbi.org.in ನಲ್ಲಿ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ. ವಿಚಾರಿಸಲು 14448ಕ್ಕೆ ಕರೆ ಮಾಡಬಹುದು. ಬ್ಯಾಂಕಿಗೆ ಮೊದಲು ದೂರು ಕೊಡದೆ ನೇರ ಅಲ್ಲಿಗೆ ಹೋದರೆ ತೆಗೆದುಕೊಳ್ಳುವುದಿಲ್ಲ. ಬ್ಯಾಂಕಿನ ದೂರಿನ ನಂಬರ್, ಕೊಟ್ಟ ದಿನಾಂಕ, ಬಂದ ಉತ್ತರದ ಪ್ರತಿ ಅಲ್ಲಿ ಕೇಳುತ್ತಾರೆ. ಶಾಖೆಗೆ ಹೋಗಿ ಬಾಯಲ್ಲಿ ಹೇಳಿ ಬಂದದ್ದಕ್ಕೆ ಇವು ಯಾವುದೂ ಇರುವುದಿಲ್ಲ. ಮ್ಯಾನೇಜರ್ ಪರಿಚಯದವರೇ ಆಗಿದ್ದರೂ, ಮಾತಾಡಿ ಬಂದ ದಿನವೇ ಪೋರ್ಟಲ್‌ನಲ್ಲೂ ಹಾಕಿಬಿಡಿ.